ಬಾಣವಿಲ್ಲದೆ ಹೆದೆ ಬಿಟ್ಟರೆ ಬಿಲ್ಲು ಏಕೆ ಮುರಿಯುತ್ತದೆ? – ‘ಕೆಲಸ ಮತ್ತು ಶಕ್ತಿ’ ಘಟಕಕ್ಕೆ ಒಂದು ಮರುಪಾಠ

ತರಗತಿ: 9
ವಿಷಯ: ವಿಜ್ಞಾನ (ಭೌತವಿಜ್ಞಾನ)
ಘಟಕ: ಕೆಲಸ ಮತ್ತು ಶಕ್ತಿ
ಉಪಘಟಕ: ಆಕಾರ ಬದಲಾವಣೆಯಿಂದ ಉಂಟಾಗುವ ಪ್ರಚ್ಛನ್ನ ಶಕ್ತಿ
ಅವಧಿ: 45 ನಿಮಿಷಗಳ ಎರಡು ತರಗತಿಗಳು

ಹಿನ್ನೆಲೆ

ಒಂಬತ್ತನೇ ತರಗತಿಯ ವಿಜ್ಞಾನ ಪಠ್ಯದಲ್ಲಿ ಬಿದಿರಿನ ಬಿಲ್ಲು ಮಾಡಿ ಬಾಣ ಬಿಡುವ ಚಟುವಟಿಕೆ ಇದೆ. ಹೆದೆ ಎಳೆದಾಗ ಬಿಲ್ಲಿನ ಆಕಾರ ಬದಲಾಗುತ್ತದೆ, ಆ ಬದಲಾವಣೆಯಲ್ಲಿ ಪ್ರಚ್ಛನ್ನ ಶಕ್ತಿ ಸಂಗ್ರಹವಾಗುತ್ತದೆ, ಹೆದೆ ಬಿಟ್ಟಾಗ ಅದು ಬಾಣದ ಚಲನ ಶಕ್ತಿಯಾಗುತ್ತದೆ ಎಂಬುದು ಅದರ ಸಾರ. ನಮ್ಮ ಪ್ರಶಿಕ್ಷಣಾರ್ಥಿಗಳು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋದಾಗ ಹೆಚ್ಚಾಗಿ ಆರಿಸಿಕೊಳ್ಳುವ ಪಾಠಗಳಲ್ಲಿ ಇದೂ ಒಂದು. ಸಾಮಗ್ರಿ ಸುಲಭವಾಗಿ ಸಿಗುತ್ತದೆ, ಮಕ್ಕಳಿಗೂ ಇಷ್ಟ.

ಶಿಡ್ಲಘಟ್ಟ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ಇಂತಹ ಒಂದು ಪಾಠವನ್ನು ವೀಕ್ಷಿಸುತ್ತಿದ್ದೆ. ಬಿಲ್ಲು ಮಾಡಿಕೊಂಡು ಬರುವಂತೆ ಪ್ರಶಿಕ್ಷಣಾರ್ಥಿ ಹಿಂದಿನ ದಿನವೇ ಹೇಳಿದ್ದರು. ರೇಷ್ಮೆ ಸಾಕುವ ಮನೆಯ ಹುಡುಗನೊಬ್ಬ ಹಳೆಯ ಚಂದ್ರಿಕೆಯ ಬಿದಿರು ದಬ್ಬೆಯನ್ನು ಬಗ್ಗಿಸಿ, ನೈಲಾನ್ ದಾರ ಕಟ್ಟಿ, ಅದನ್ನು ಒಂದು ಮರದ ಪಟ್ಟಿಯ ಮೇಲೆ ಅಡ್ಡಲಾಗಿ ಬಿಗಿದು ತಂದಿದ್ದ. ಹಿಂಬದಿಯಲ್ಲಿ ಹೆದೆ ಸಿಕ್ಕಿಸಲು ಒಂದು ಕಚ್ಚು, ಅದನ್ನು ಮೇಲೆತ್ತಿ ಬಿಡಿಸಲು ಒಂದು ಮೊಳೆ. ಹೆಸರು ಗೊತ್ತಿಲ್ಲದೆಯೇ ಅವನು ಮಾಡಿದ್ದು ಅಡ್ಡಬಿಲ್ಲು, ಅಂದರೆ ಕ್ರಾಸ್‌ಬೋ.

ಬಾಣ ಬಿಟ್ಟಾಗ ಏನೂ ಆಗಲಿಲ್ಲ. ಪಾಠ ಮುಂದುವರಿದಂತೆ ಹುಡುಗ ಹಿಂದಿನ ಬೆಂಚಿನಲ್ಲಿ ಬಾಣವಿಲ್ಲದೆಯೇ ಹೆದೆಯನ್ನು ಸಿಕ್ಕಿಸುತ್ತ, ಬಿಡಿಸುತ್ತ ಕೂತಿದ್ದ. ನಾಲ್ಕನೆಯದೋ ಐದನೆಯದೋ ಸಲ ‘ಚಟ್’ ಎಂದು ದಬ್ಬೆಯ ತುದಿ ಸೀಳಿತು. ಸೀಳು ಹಾರಿ ಪಕ್ಕದವನ ಕಿವಿಯ ಬಳಿಯಿಂದ ಹೋಯಿತು. ಯಾರಿಗೂ ಗಾಯವಾಗಲಿಲ್ಲ.

“ಜಾಸ್ತಿ ಎಳೆದಿದ್ದೀಯ, ಅದಕ್ಕೇ ಮುರಿದಿದೆ” ಎಂದರು ಪ್ರಶಿಕ್ಷಣಾರ್ಥಿ. ಹುಡುಗ ಒಪ್ಪಲಿಲ್ಲ. “ಇಲ್ಲ ಮಿಸ್, ಅದೇ ಕಚ್ಚಿಗೇ ಎಳೆದಿದ್ದು. ಎಳೆದಾಗ ಮುರೀಲಿಲ್ಲ, ಬಿಟ್ಟಾಗ ಮುರೀತು” ಎಂದ.

ಹುಡುಗ ಹೇಳಿದ್ದೇ ಸರಿ. ಕಚ್ಚು ಒಂದೇ ಜಾಗದಲ್ಲಿರುವುದರಿಂದ ಅಡ್ಡಬಿಲ್ಲನ್ನು ಪ್ರತಿ ಸಲವೂ ಅಷ್ಟೇ ದೂರ ಎಳೆಯಲು ಸಾಧ್ಯ. ಸಂಗ್ರಹವಾದ ಶಕ್ತಿ ಬಾಣ ಇದ್ದಾಗಲೂ ಇಲ್ಲದಾಗಲೂ ಅಷ್ಟೇ. ಬದಲಾದದ್ದು ಆ ಶಕ್ತಿ ಹೋಗುವ ದಾರಿ ಮಾತ್ರ. ಆ ದಿನ ಸಂಜೆ ನಾವಿಬ್ಬರೂ ಕೂತು ಪಾಠಯೋಜನೆಯನ್ನು ಮತ್ತೆ ಬರೆದೆವು. ಮುಂದಿನ ವಾರ ಅದೇ ತರಗತಿಗೆ ಅವರೇ ಮರುಪಾಠ ಮಾಡಿದರು. ಅದರ ಹಂತಗಳು ಇಲ್ಲಿವೆ.

ಹಂತ 1: ಶಕ್ತಿ ಬಿಲ್ಲಿನಲ್ಲಿ ಎಲ್ಲಿ ಕೂತಿದೆ?

‘ಶಕ್ತಿ ಎಲ್ಲಿ ಸಂಗ್ರಹವಾಗಿದೆ?’ ಎಂದು ಕೇಳಿದರೆ ಬಹುತೇಕ ಮಕ್ಕಳು ‘ಹೆದೆಯಲ್ಲಿ’ ಎನ್ನುತ್ತಾರೆ. ಎಳೆಯುವುದು ಹೆದೆಯನ್ನಲ್ಲವೇ? ರಬ್ಬರಿನ ಕವಣೆ ಆಡಿದ ಅನುಭವವೂ ಈ ಉತ್ತರವನ್ನೇ ಬಲಪಡಿಸುತ್ತದೆ. ಕವಣೆಯಲ್ಲಿ ಹಿಗ್ಗುವುದು ರಬ್ಬರು, ಕವೆ ಬಗ್ಗುವುದಿಲ್ಲ. ಬಿಲ್ಲಿನಲ್ಲಿ ಇದು ತಿರುವುಮುರುವು. ಹೆದೆ ಹಿಗ್ಗಬಾರದು, ತೋಳುಗಳು ಬಗ್ಗಬೇಕು. ಹೆದೆ ನಮ್ಮ ಕೈಯ ಎಳೆತವನ್ನು ತೋಳುಗಳಿಗೆ ಮುಟ್ಟಿಸುವ ಹಗ್ಗ ಮಾತ್ರ.

ತೋಳು ಬಗ್ಗಿದಾಗ ಒಳಗೇನಾಗುತ್ತದೆ ಎಂಬುದನ್ನು ತೋರಿಸಲು ಒಂದು ಉದ್ದನೆಯ ರಬ್ಬರ್ (ಅಳಿಸುವ ರಬ್ಬರ್) ಸಾಕು. ಅದರ ಪಕ್ಕದ ಮೈಮೇಲೆ ಪೆನ್ನಿನಿಂದ ಸಮಾನ ಅಂತರದಲ್ಲಿ ಅಡ್ಡಗೆರೆಗಳನ್ನು ಎಳೆಯಿರಿ. ಬಗ್ಗಿಸಿದಾಗ ಹೊರಮೈ ಕಡೆ ಗೆರೆಗಳು ದೂರ ಸರಿಯುತ್ತವೆ, ಒಳಮೈ ಕಡೆ ಹತ್ತಿರ ಬರುತ್ತವೆ, ನಡುವೆ ಅಂತರ ಬದಲಾಗುವುದಿಲ್ಲ. ಅಂದರೆ ಹೊರಮೈ ಹಿಗ್ಗಿದೆ, ಒಳಮೈ ಕುಗ್ಗಿದೆ. ಬಿಲ್ಲಿನ ಪ್ರಚ್ಛನ್ನ ಶಕ್ತಿ ಇರುವುದು ಈ ಎರಡು ಮೈಗಳ ಹತ್ತಿರದ ಪದರಗಳಲ್ಲಿ. ಹಾನಿಯೂ ಹೆಚ್ಚಾಗಿ ಅಲ್ಲಿಂದಲೇ ಶುರುವಾಗುತ್ತದೆ.

ಅಡ್ಡಬಿಲ್ಲಿನ ವಿಶೇಷವನ್ನು ಇಲ್ಲೇ ಹೇಳಬೇಕು. ಕೈಬಿಲ್ಲಿನ ತೋಳುಗಳು ಉದ್ದ, ಹೆದೆಯನ್ನು ದೂರ ಎಳೆಯಬಹುದು. ಅಡ್ಡಬಿಲ್ಲಿನ ತೋಳುಗಳು ಗಿಡ್ಡ, ಎಳೆಯುವ ದೂರವೂ ಕಡಿಮೆ. ಕಡಿಮೆ ದೂರದಲ್ಲಿ ಅಷ್ಟೇ ಶಕ್ತಿ ತುಂಬಬೇಕಾದರೆ ಬಲ ಹೆಚ್ಚಬೇಕು, ಆದ್ದರಿಂದ ತೋಳುಗಳು ಬಹಳ ಗಡುಸಾಗಿರುತ್ತವೆ. ಅಷ್ಟು ಬಲದಲ್ಲಿ ಹೆದೆಯನ್ನು ಕೈಯಲ್ಲಿ ಹಿಡಿದು ನಿಲ್ಲಲು ಆಗದು. ಹಿಡಿದಿಡಲು ಒಂದು ಕೊಂಡಿ, ಬಿಡಿಸಲು ಒಂದು ಟ್ರಿಗರ್ ಬೇಕಾಗುತ್ತದೆ.

ಹಂತ 2: ಎಷ್ಟು ಶಕ್ತಿ?

ಮುರಿದ ಬಿಲ್ಲಿನ ಬದಲಿಗೆ ಅದೇ ಅಳತೆಯ ಹೊಸ ದಬ್ಬೆ ಕಟ್ಟಿದೆವು. ಶಾಲೆಯ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ಹೆದೆಯ ನಡುವಿಗೆ ಸಿಕ್ಕಿಸಿ, ಮರದ ಪಟ್ಟಿಯ ಮೇಲೆ ಮೂರು ಮೂರು ಸೆಂಟಿಮೀಟರಿಗೆ ಗುರುತು ಹಾಕಿ ಮಕ್ಕಳೇ ಅಳೆದರು.

3 ಸೆಂ.ಮೀ. – 6 ನ್ಯೂಟನ್
6 ಸೆಂ.ಮೀ. – 12 ನ್ಯೂಟನ್
9 ಸೆಂ.ಮೀ. – 19 ನ್ಯೂಟನ್
12 ಸೆಂ.ಮೀ. – 27 ನ್ಯೂಟನ್

ಕೆಲಸ ಎಂದರೆ ಬಲ × ದೂರ ಎಂದು ಕಲಿತ ಮಕ್ಕಳು ತಕ್ಷಣ 27 × 0.12 ಎಂದು ಗುಣಿಸುತ್ತಾರೆ. ಇಲ್ಲಿ ತಡೆಯಬೇಕು. ಎಳೆತದ ಉದ್ದಕ್ಕೂ ಬಲ 27 ನ್ಯೂಟನ್ ಇರಲಿಲ್ಲ, ಸೊನ್ನೆಯಿಂದ ಏರುತ್ತ ಬಂತು. ಹಾಗಾಗಿ ನಕ್ಷೆ ಬರೆದು ಗೆರೆಯ ಕೆಳಗಿನ ವಿಸ್ತೀರ್ಣ ತೆಗೆಯಬೇಕು. ಒಂದೊಂದು ಮೂರು ಸೆಂಟಿಮೀಟರಿನ ಪಟ್ಟಿಯಲ್ಲೂ ಸರಾಸರಿ ಬಲವನ್ನು 0.03 ಮೀಟರಿನಿಂದ ಗುಣಿಸಿದರೆ 0.09, 0.27, 0.465 ಮತ್ತು 0.69 ಬರುತ್ತವೆ. ಒಟ್ಟು ಸುಮಾರು 1.5 ಜೂಲ್. 150 ಗ್ರಾಂ ತೂಕದ ವಸ್ತುವನ್ನು ಒಂದು ಮೀಟರ್ ಎತ್ತುವಷ್ಟು ಕೆಲಸ ಇದು.

ಇನ್ನು ನಿಜವಾದ ಅಡ್ಡಬಿಲ್ಲನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಗುರಿಯಾಟಕ್ಕೆ ಬಳಸುವ ಅಡ್ಡಬಿಲ್ಲುಗಳಲ್ಲಿ 150 ಪೌಂಡ್ ಎಳೆತದ್ದು ಸಾಮಾನ್ಯ. ಅಂದರೆ ಕೊಂಡಿಗೆ ಸಿಕ್ಕಿಸುವ ಹೊತ್ತಿಗೆ ಬಲ ಸುಮಾರು 667 ನ್ಯೂಟನ್. ಹೆದೆ ಚಲಿಸುವ ದೂರ 30 ಸೆಂಟಿಮೀಟರ್ ಎಂದಿಟ್ಟುಕೊಂಡು, ಬಲ ಒಂದೇ ಸಮನೆ ಏರುತ್ತದೆ ಎಂದು ಭಾವಿಸಿದರೆ, ½ × 667 × 0.30 = 100 ಜೂಲ್. ಹತ್ತು ಕಿಲೋ ಅಕ್ಕಿಯ ಚೀಲವನ್ನು ಒಂದು ಮೀಟರ್ ಎತ್ತಿ ಹಿಡಿದಂತೆ. ಕೊಂಡಿಗೆ ಸಿಕ್ಕಿಸಿಟ್ಟ ಅಡ್ಡಬಿಲ್ಲು ಅಷ್ಟನ್ನು ಸದ್ದಿಲ್ಲದೆ ಹಿಡಿದುಕೊಂಡು ಕೂತಿರುತ್ತದೆ.

ಹಂತ 3: ಬಿಟ್ಟ ಶಕ್ತಿ ಯಾರಿಗೆ ಎಷ್ಟು?

ಪಠ್ಯದ ವಾಕ್ಯ ಓದಿದರೆ ಪ್ರಚ್ಛನ್ನ ಶಕ್ತಿಯೆಲ್ಲ ಬಾಣಕ್ಕೇ ಹೋಗುತ್ತದೆ ಎಂಬ ಭಾವನೆ ಬರುತ್ತದೆ. ಹಾಗಾಗುವುದಿಲ್ಲ. ಹೆದೆ ಬಿಟ್ಟಾಗ ಮುಂದಕ್ಕೆ ಓಡುವುದು ಬಾಣವೊಂದೇ ಅಲ್ಲ. ತೋಳುಗಳ ತುದಿಗಳೂ ಹೆದೆಯೂ ಓಡುತ್ತವೆ. ಅವುಗಳಿಗೂ ಚಲನ ಶಕ್ತಿಯ ಪಾಲು ಬೇಕು.

ಪಾಲು ಹಂಚುವುದನ್ನು ಸರಳವಾಗಿ ಹೀಗೆ ನೋಡಬಹುದು. ತೋಳು ಮತ್ತು ಹೆದೆ ಎರಡೂ ಸೇರಿ, ಬಾಣಕ್ಕೆ ಅಂಟಿಸಿದ ಒಂದು ಹೆಚ್ಚುವರಿ ತೂಕದಂತೆ ವರ್ತಿಸುತ್ತವೆ ಎಂದು ಭಾವಿಸಿ. ಅಮೆರಿಕದ ಭೌತವಿಜ್ಞಾನಿ ಪಾಲ್ ಕ್ಲಾಪ್‌ಸ್ಟೆಗ್ ಬಿಲ್ಲುಗಳ ಅಧ್ಯಯನದಲ್ಲಿ ಬಳಸಿದ ಕಲ್ಪನೆ ಇದು. ಇದನ್ನು ತೋರಿಕೆಯ ರಾಶಿ ಎನ್ನೋಣ. ಬಾಣದ ರಾಶಿ m, ತೋರಿಕೆಯ ರಾಶಿ K ಆದರೆ ಬಾಣಕ್ಕೆ ಸಿಗುವ ಪಾಲು m/(m + K). ಇದು ಅಂದಾಜಿನ ಲೆಕ್ಕ, ಆದರೆ ನಮ್ಮ ಪ್ರಶ್ನೆಗೆ ಸಾಕು.

ನಮ್ಮ ಉದಾಹರಣೆಯ ಬಾಣ 26 ಗ್ರಾಂ, ತೋರಿಕೆಯ ರಾಶಿ 14 ಗ್ರಾಂ ಎಂದಿಟ್ಟುಕೊಳ್ಳೋಣ. ಬಾಣದ ಪಾಲು 26/40, ಅಂದರೆ 65 ಜೂಲ್. ಬಾಣ ಸೆಕೆಂಡಿಗೆ ಸುಮಾರು 71 ಮೀಟರ್ ವೇಗದಲ್ಲಿ ಹೊರಡುತ್ತದೆ. ಉಳಿದ 35 ಜೂಲ್ ಬಿಲ್ಲಿನಲ್ಲೇ ಉಳಿದು ನಡುಕವಾಗಿ, ಶಬ್ದವಾಗಿ, ಸ್ವಲ್ಪ ಶಾಖವಾಗಿ ಕರಗುತ್ತದೆ. ಬಿಲ್ಲನ್ನು ಆ 35 ಜೂಲ್ ತಡೆಯುವಂತೆ ಮಾಡಿರುತ್ತಾರೆ.

ಈಗ ಬಾಣವನ್ನು ಹಗುರ ಮಾಡುತ್ತ ಹೋಗೋಣ. 13 ಗ್ರಾಂ ಬಾಣವಾದರೆ ಅದರ ಪಾಲು 13/27, ಅಂದರೆ 48 ಜೂಲ್. ಬಿಲ್ಲಿಗೆ 52 ಜೂಲ್. ಬಾಣವೇ ಇಲ್ಲದಿದ್ದರೆ m ಸೊನ್ನೆ. ಬಾಣದ ಪಾಲೂ ಸೊನ್ನೆ. ನೂರಕ್ಕೆ ನೂರು ಜೂಲ್ ಬಿಲ್ಲಿನ ಪಾಲಿಗೆ. 35ರ ಜಾಗದಲ್ಲಿ 100, ಹೆಚ್ಚುಕಡಿಮೆ ಮೂರು ಪಟ್ಟು. ಚಲನ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ತೋಳು ಮತ್ತು ಹೆದೆ ಮಾಮೂಲಿಗಿಂತ ಸುಮಾರು 1.7 ಪಟ್ಟು ವೇಗವಾಗಿ ಓಡಿಬರುತ್ತವೆ.

ಬಾಣವಿಲ್ಲದೆ ಹೆದೆ ಬಿಡುವುದಕ್ಕೆ ಬಿಲ್ಲುಗಾರರು ಡ್ರೈ ಫೈರ್ ಎನ್ನುತ್ತಾರೆ. ಮೇಲಿನ ಲೆಕ್ಕದಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ತೀರಾ ಹಗುರವಾದ ಬಾಣ ಬಿಡುವುದು ಅರ್ಧ ಡ್ರೈ ಫೈರ್ ಇದ್ದಂತೆ. ಅಡ್ಡಬಿಲ್ಲು ತಯಾರಕರು ಬಾಣದ ಕನಿಷ್ಠ ತೂಕವನ್ನು ಸೂಚಿಸುವುದು ಇದೇ ಕಾರಣಕ್ಕೆ.

ಹಂತ 4: ಓಡಿಬಂದದ್ದು ನಿಲ್ಲುವುದು ಹೇಗೆ?

ಮರುಪಾಠದಲ್ಲಿ ಮಕ್ಕಳಿಗೆ ಸುಲಭವಾಗಿ ಮುಟ್ಟಿದ್ದು ಅವರ ತೋಳಿನದೇ ಉದಾಹರಣೆ. ಹುಣಸೆಕಾಯಿಗೆ ಕಲ್ಲು ಬೀಸಿದಾಗ ಹೆಗಲು ನೋಯುವುದಿಲ್ಲ. ಕೈಯಲ್ಲಿ ಕಲ್ಲಿಲ್ಲದೆ ಅಷ್ಟೇ ರಭಸದಿಂದ ಬೀಸಿದರೆ ಮೊಣಕೈ, ಹೆಗಲು ಜಗ್ಗಿದಂತಾಗುತ್ತದೆ. ಕಲ್ಲು ಒಯ್ಯಬೇಕಾಗಿದ್ದ ಶಕ್ತಿಯನ್ನು ಈಗ ಕೀಲುಗಳೇ ತಡೆಯಬೇಕು.

ಬಿಲ್ಲಿನಲ್ಲೂ ಹೀಗೆಯೇ. ಬಾಣ ಇದ್ದಾಗ, ಹೆದೆ ನೇರವಾಗುತ್ತ ಬರುವ ಕೊನೆಯ ಗಳಿಗೆಯಲ್ಲಿ ಬಾಣ ಮುಂದೆ ಓಡುತ್ತಿರುತ್ತದೆ, ತೋಳಿನ ತುದಿಗಳು ನಿಧಾನವಾಗುತ್ತವೆ. ತುದಿಗಳ ಚಲನ ಶಕ್ತಿಯ ಒಂದು ಭಾಗ ಹೆದೆಯ ಮೂಲಕ ಬಾಣಕ್ಕೆ ದಾಟಿಹೋಗುತ್ತದೆ. ಬಾಣವೇ ತೋಳುಗಳಿಗೆ ಬ್ರೇಕು. ಬಾಣ ಇಲ್ಲದಿದ್ದರೆ ಬ್ರೇಕು ಹಾಕುವವರಿಲ್ಲ. ತುದಿಗಳು ಪೂರ್ಣ ವೇಗದಲ್ಲಿ ಬಂದು, ಹೆದೆ ಬಿಗಿಯಾದ ಕ್ಷಣದಲ್ಲಿ ಥಟ್ಟನೆ ನಿಲ್ಲಬೇಕು. ಹೆದೆ ಹಿಗ್ಗದ ವಸ್ತುವಾದ್ದರಿಂದ ನಿಲ್ಲಲು ಸಿಗುವ ದೂರ ಬಹಳ ಕಡಿಮೆ. ಕ್ಯಾಚ್ ಹಿಡಿಯುವ ಆಟಗಾರ ಕೈಯನ್ನು ಹಿಂದಕ್ಕೆ ತರುವುದೇಕೆ ಎಂದು ಮಕ್ಕಳು ಈಗಾಗಲೇ ಕಲಿತಿದ್ದಾರೆ. ನಿಲ್ಲುವ ದೂರ ಕಡಿಮೆಯಾದಷ್ಟೂ ಬಲ ಹೆಚ್ಚು. ಆ ಹೊಡೆತ ಹೆದೆಯ ಮೇಲೆ, ಹೆದೆ ಕೂರುವ ಕಚ್ಚುಗಳ ಮೇಲೆ, ತೋಳಿನ ತುದಿಗಳ ಮೇಲೆ ಬೀಳುತ್ತದೆ. ಜೊತೆಗೆ ಹೆದೆ ತನ್ನ ಜಾಗ ದಾಟಿ ಮುಂದಕ್ಕೆ ಚಿಮ್ಮಿ ವಾಪಸ್ಸು ಬರುವಾಗ ತೋಳುಗಳು ಎರಡೂ ಕಡೆಗೆ ಅದುರುತ್ತವೆ. ಹಿಗ್ಗಲು ತಯಾರಾದ ಹೊರಮೈ ಕುಗ್ಗಬೇಕು, ಕುಗ್ಗಲು ತಯಾರಾದ ಒಳಮೈ ಹಿಗ್ಗಬೇಕು.

ಪ್ರಾತ್ಯಕ್ಷಿಕೆಗೆ ಬಿಲ್ಲನ್ನು ಮೇಜಿನ ಅಂಚಿಗೆ ಬಿಗಿಯಾಗಿ ಕಟ್ಟಿ, ಹೆದೆಯನ್ನು ಕೇವಲ 3 ಸೆಂಟಿಮೀಟರ್ ಹಿಂದಕ್ಕೆ ಎಳೆದು ನೂಲಿನಿಂದ ಕಟ್ಟಿ. ಆಗ ಶಕ್ತಿ 0.1 ಜೂಲಿಗಿಂತ ಕಡಿಮೆ, ಬಿಲ್ಲಿಗೆ ಅಪಾಯವಿಲ್ಲ. ತೋಳುಗಳ ತುದಿಯ ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ. ಮೊದಲು ಹೆದೆಯ ಮುಂದೆ ಒಂದು ತುಂಡು ಸೀಮೆಸುಣ್ಣ ಇಟ್ಟು ನೂಲು ಕತ್ತರಿಸಿ, ಆಮೇಲೆ ಏನೂ ಇಡದೆ ಕತ್ತರಿಸಿ. ಎರಡನೆಯ ಸಲ ಪುಡಿ ಹೆಚ್ಚು ಹಾರುತ್ತದೆ, ಹೆದೆ ಹೆಚ್ಚು ಹೊತ್ತು ಝೇಂಕರಿಸುತ್ತದೆ. ಸೀಮೆಸುಣ್ಣ ಹಾರುವ ಕಡೆ ಒಂದು ರಟ್ಟಿನ ಪೆಟ್ಟಿಗೆ ಇಡಿ. ಮಕ್ಕಳು ಬಿಲ್ಲಿನ ಹಿಂದೆ, ಎರಡು ಮೀಟರ್ ದೂರದಲ್ಲಿ ನಿಲ್ಲಲಿ. ಕತ್ತರಿಸುವವರು ಕಣ್ಣಿಗೆ ಕನ್ನಡಕ ಹಾಕಿಕೊಳ್ಳಲಿ.

ಹಂತ 5: ಮಕ್ಕಳ ಎದುರುಪ್ರಶ್ನೆಗಳು

ಈ ಹಂತಕ್ಕೆ ಬಂದಾಗ ಎರಡು ಪ್ರಶ್ನೆಗಳು ಬಂದವು. ಎರಡಕ್ಕೂ ಪ್ರಶಿಕ್ಷಣಾರ್ಥಿ ಸಿದ್ಧರಾಗಿರಬೇಕು.

ಮೊದಲನೆಯದು: “ಅರ್ಜುನ ಯುದ್ಧಕ್ಕೆ ಮುಂಚೆ ಬಾಣ ಇಲ್ಲದೆ ಹೆದೆ ಮೀಟಿ ಠೇಂಕಾರ ಮಾಡ್ತಿದ್ದನಲ್ಲ ಮಿಸ್, ಗಾಂಡೀವ ಯಾಕೆ ಮುರೀಲಿಲ್ಲ?” ಇನ್ನೊಬ್ಬಳು ಸೇರಿಸಿದಳು: “ನಮ್ಮೂರಿಗೆ ಹಾಸಿಗೆ ಮಾಡೋಕೆ ಬರ್ತಿದ್ದ ಪಿಂಜಾರರು ದಿನವಿಡೀ ಬಿಲ್ಲು ಹೊಡೀತಿದ್ರಂತೆ, ನಮ್ಮಜ್ಜಿ ಹೇಳ್ತಾರೆ.” ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕಿಲ್ಲ. ಹತ್ತಿ ಹಿಂಜುವ ಬಿಲ್ಲಿನ ಮರ ದಪ್ಪ, ಗಡುಸು. ಕೊಡತಿಯಿಂದ ಹೊಡೆದಾಗ ಅದರ ತಂತಿ ಸ್ವಲ್ಪ ಮಾತ್ರ ಸರಿದು ನಡುಗುತ್ತದೆ, ಮರ ಬಗ್ಗುವುದಿಲ್ಲ ಎನ್ನಬಹುದು. ಠೇಂಕಾರವೂ ಹಾಗೆಯೇ, ಹೆದೆಯನ್ನು ಕಿವಿಯವರೆಗೆ ಎಳೆದು ಬಿಡುವುದಲ್ಲ, ಬೆರಳಿನಿಂದ ಮೀಟುವುದು. ನಕ್ಷೆಯಲ್ಲಿ ಮೊದಲ ಮೂರು ಸೆಂಟಿಮೀಟರಿನ ಕೆಳಗಿನ ವಿಸ್ತೀರ್ಣ ಎಷ್ಟು ಚಿಕ್ಕದೆಂದು ತೋರಿಸಿ: ಒಟ್ಟು 1.5 ಜೂಲಿನಲ್ಲಿ ಅದು 0.09 ಮಾತ್ರ. ಬಾಣ ಇಲ್ಲದಿರುವುದಷ್ಟೇ ಬಿಲ್ಲನ್ನು ಮುರಿಯುವುದಿಲ್ಲ. ತುಂಬಿದ ಶಕ್ತಿ ದೊಡ್ಡದಿದ್ದು, ಅದಕ್ಕೆ ಹೋಗಲು ಬೇರೆ ದಾರಿ ಇಲ್ಲದಿದ್ದಾಗ ಬಿಲ್ಲು ಮುರಿಯುತ್ತದೆ.

ಎರಡನೆಯದು: “ಶಿವಧನುಸ್ಸು?” ಕಥೆಯಲ್ಲಿ ರಾಮನ ಕೈಯಲ್ಲಿ ಬಿಲ್ಲು ಮುರಿದದ್ದು ಎಳೆಯುವಾಗ, ಬಿಡುವಾಗ ಅಲ್ಲ. ಅದು ತಡೆಯುವ ಮಿತಿ ಮೀರಿ ಬಗ್ಗಿಸಿದ್ದು. ಶಿಡ್ಲಘಟ್ಟದ ಹುಡುಗನ ಬಿಲ್ಲು ಮುರಿದದ್ದು ಬಿಟ್ಟ ಮೇಲೆ. ಮುರಿದ ಕ್ಷಣ ಯಾವುದು ಎಂದು ಕೇಳುವುದೇ ಕಾರಣ ಹುಡುಕುವ ಮೊದಲ ಹೆಜ್ಜೆ. ಅವನ ದಬ್ಬೆಯಲ್ಲಿ ಗುರುತೂ ಹಾಗೆಯೇ ಇತ್ತು. ಅತಿ ಹೆಚ್ಚು ಬಗ್ಗುವ ನಡುಭಾಗ ಹಾಗೇ ಇತ್ತು, ಹೆದೆ ಕೂತಿದ್ದ ತುದಿಯ ಕಚ್ಚಿನಿಂದ ಉದ್ದಕ್ಕೆ ಸೀಳಿತ್ತು.

ಪ್ರಶಿಕ್ಷಣಾರ್ಥಿಗಳು ತಿಳಿದಿರಬೇಕಾದ ಇನ್ನಷ್ಟು

ಡ್ರೈ ಫೈರ್ ಆದ ಬಿಲ್ಲು ತಕ್ಷಣ ಮುರಿಯಲೇಬೇಕೆಂದಿಲ್ಲ, ಅಪಾಯ ಇರುವುದೇ ಅಲ್ಲಿ. ಈಗಿನ ಅಡ್ಡಬಿಲ್ಲುಗಳ ತೋಳುಗಳು ಹೆಚ್ಚಾಗಿ ಗಾಜಿನ ನಾರು ಮತ್ತು ಅಂಟಿನಿಂದ ಮಾಡಿದವು. ಹೊಡೆತಕ್ಕೆ ಪದರಗಳು ಒಳಗೇ ಬಿಟ್ಟುಕೊಳ್ಳಬಹುದು, ಕೂದಲೆಳೆಯಷ್ಟು ಬಿರುಕು ಬಿಡಬಹುದು. ಮುಂದಿನ ಸಲ ಹೆದೆ ಏರಿಸುವಾಗ, ಮುಖ ಬಿಲ್ಲಿನ ಹತ್ತಿರವಿದ್ದಾಗಲೇ, ತೋಳು ಸಿಡಿಯಬಹುದು. ‘ಸರಿ ಇದೆಯಾ ನೋಡೋಣ’ ಎಂದು ಮತ್ತೊಮ್ಮೆ ಎಳೆಯುವುದು ಅತ್ಯಂತ ತಪ್ಪು ಪರೀಕ್ಷೆ. ಎಳೆಯದೆಯೇ ಪರೀಕ್ಷಿಸಬೇಕು. ತೋಳಿನ ಎರಡೂ ಮೈ, ಅಂಚು, ತುದಿಗಳ ಮೇಲೆ ಹತ್ತಿಯ ಉಂಡೆಯನ್ನು ಮೆಲ್ಲಗೆ ಸವರಿದರೆ ಕಣ್ಣಿಗೆ ಕಾಣದ ಸಿಬಿರಿಗೂ ಎಳೆ ಸಿಕ್ಕಿಕೊಳ್ಳುತ್ತದೆ. ಹೆದೆಯಲ್ಲಿ ತುಂಡಾದ ಎಳೆ, ಸರಿದ ಸುತ್ತುನೂಲು ಇದೆಯೇ ನೋಡಬೇಕು. ತುದಿಯಲ್ಲಿ ಗಾಲಿಗಳಿರುವ ಬಿಲ್ಲಾದರೆ ಹೆದೆ ಗಾಲಿಯಿಂದ ಜಾರಿದೆಯೇ, ಗಾಲಿ ಅಥವಾ ಅದರ ಅಚ್ಚು ಡೊಂಕಾಗಿದೆಯೇ ನೋಡಬೇಕು. ಹತ್ತಿಗೆ ಏನೂ ಸಿಗಲಿಲ್ಲವೆಂದ ಮಾತ್ರಕ್ಕೆ ಒಳಗಿನ ಪದರ ಗಟ್ಟಿಯಾಗಿದೆ ಎಂದಲ್ಲ. ಬಲ್ಲವರು ನೋಡುವ ತನಕ ಅದನ್ನು ಬಳಸಬಾರದು.

ಕೈಬಿಲ್ಲಿಗಿಂತ ಅಡ್ಡಬಿಲ್ಲಿನಲ್ಲಿ ಈ ತಪ್ಪು ಸುಲಭವಾಗಿ ಆಗುತ್ತದೆ. ಕೈಬಿಲ್ಲಿನವನು ಮನಸ್ಸು ಬದಲಿಸಿದರೆ ಹೆದೆಯನ್ನು ನಿಧಾನವಾಗಿ ಹಿಂದಿರುಗಿಸುತ್ತಾನೆ, ಭಾರವೆಲ್ಲ ಅವನ ಬೆರಳಿಗೆ ಗೊತ್ತು. ಅಡ್ಡಬಿಲ್ಲಿನಲ್ಲಿ ಭಾರ ಹೊತ್ತದ್ದು ಕೊಂಡಿ. ಕೈಗೆ ಏನೂ ತಿಳಿಯುವುದಿಲ್ಲ, ಬೆರಳು ಟ್ರಿಗರ್ ಒತ್ತಿದರೆ ಮುಗಿಯಿತು. ಬಾಣ ಇಟ್ಟಿದ್ದರೂ ಅದರ ಹಿಂಬದಿ ಹೆದೆಗೆ ತಾಗದೆ ಅಂತರವಿದ್ದರೆ, ಆ ಅಂತರದಲ್ಲಿ ಹೆದೆ ಖಾಲಿಯಾಗಿಯೇ ಓಡುತ್ತದೆ. ಬಾಣದ ಮೇಲೋ ಕೆಳಗೋ ಜಾರಿದರೆ ಪೂರ್ತಿ ಡ್ರೈ ಫೈರ್. ಆದ್ದರಿಂದ ಈಗಿನ ಅನೇಕ ಅಡ್ಡಬಿಲ್ಲುಗಳಲ್ಲಿ ಬಾಣ ಸರಿಯಾಗಿ ಕೂರದಿದ್ದರೆ ಹೆದೆಯನ್ನು ಬಿಡದ ಒಂದು ತಡೆ ಇರುತ್ತದೆ. ಸಿಕ್ಕಿಸಿದ ಹೆದೆ ಇಳಿಸಬೇಕಾದಾಗ ಸಾಮಾನ್ಯವಾಗಿ ಒಂದು ಬಾಣವನ್ನು ಸುರಕ್ಷಿತ ಗುರಿಯೊಳಕ್ಕೆ ಬಿಟ್ಟು ಇಳಿಸುತ್ತಾರೆ.

ತರಗತಿಗೆ ನಿಜವಾದ ಅಡ್ಡಬಿಲ್ಲು ತರುವ ಮಾತೇ ಬೇಡ. ಬಿದಿರಿನ ಬಿಲ್ಲಿಗೂ ಒಂದು ನಿಯಮ ಸಾಕು: ಬಾಣ ಇಡದೆ ಯಾರೂ ಹೆದೆ ಎಳೆಯಬಾರದು, ಚಟುವಟಿಕೆ ಮುಗಿದ ಕೂಡಲೇ ಹೆದೆ ಬಿಚ್ಚಬೇಕು.

ಕಪ್ಪುಹಲಗೆ ಸಾರಾಂಶ

ಶಕ್ತಿ ಇರುವುದು ಬಗ್ಗಿದ ತೋಳಿನಲ್ಲಿ, ಹೆದೆಯಲ್ಲಲ್ಲ.
ಸಂಗ್ರಹವಾದ ಶಕ್ತಿ = ಬಲ–ದೂರ ನಕ್ಷೆಯ ಕೆಳಗಿನ ವಿಸ್ತೀರ್ಣ.
ಸಂಗ್ರಹವಾದ ಶಕ್ತಿ = ಬಾಣದ ಪಾಲು + ಬಿಲ್ಲಿನ ಪಾಲು.
ಬಾಣ ಇಲ್ಲದಿದ್ದರೆ ಎಲ್ಲವೂ ಬಿಲ್ಲಿನ ಪಾಲು.

ಮೌಲ್ಯಮಾಪನ

1. ಒಂದು ಬಿಲ್ಲಿನ ತೋರಿಕೆಯ ರಾಶಿ 10 ಗ್ರಾಂ, ಸಂಗ್ರಹವಾದ ಶಕ್ತಿ 40 ಜೂಲ್. 30 ಗ್ರಾಂ ಬಾಣ ಬಿಟ್ಟಾಗ ಬಿಲ್ಲಿನಲ್ಲಿ ಉಳಿಯುವ ಶಕ್ತಿ ಎಷ್ಟು? (10 ಜೂಲ್) ಬಾಣವಿಲ್ಲದೆ ಬಿಟ್ಟರೆ? (40 ಜೂಲ್)
2. ರಬ್ಬರಿನ ಕವಣೆಯಲ್ಲಿ ಕಲ್ಲಿಲ್ಲದೆ ಎಳೆದು ಬಿಟ್ಟರೆ ಕವೆ ಮುರಿಯುವುದಿಲ್ಲ. ಶಕ್ತಿ ಎಲ್ಲಿ ಸಂಗ್ರಹವಾಗಿತ್ತು ಎಂಬುದರಿಂದ ವಿವರಿಸಿ.
3. ಬಿಲ್ಲೊಂದು ಮುರಿದಿದೆ. ಕಾರಣ ತಿಳಿಯಲು ನೀವು ಕೇಳುವ ಮೊದಲ ಪ್ರಶ್ನೆ ಯಾವುದು?

ವೀಕ್ಷಣಾ ಪುಸ್ತಕದಿಂದ

ಮರುಪಾಠದ ಆರಂಭದಲ್ಲಿ ಪ್ರಶಿಕ್ಷಣಾರ್ಥಿ ಆ ಹುಡುಗನನ್ನು ಮುಂದೆ ಕರೆದು, “ಹೋದ ವಾರ ನಾನು ಕೊಟ್ಟ ಕಾರಣ ತಪ್ಪು, ನೀನು ನೋಡಿದ್ದೇ ಸರಿ” ಎಂದರು. ಸೀಳಿದ ದಬ್ಬೆಯನ್ನು ಎಸೆಯದೆ ಬೋಧನೋಪಕರಣವಾಗಿ ಇಟ್ಟುಕೊಂಡಿದ್ದರು. ಮೂರನೇ ಪ್ರಶ್ನೆಗೆ ಹುಡುಗನ ಉತ್ತರ ಅವನ ನೋಟ್‌ಬುಕ್ಕಿನಲ್ಲಿ ಹೀಗಿತ್ತು: ‘ಎಳೆದಾಗ ಮುರೀತಾ, ಬಿಟ್ಟಾಗ ಮುರೀತಾ?’